ಕಾಲು ಎಳೀತಾ ಇದೆ ಅಂದ್ರೆ ಸ್ಕ್ಯಾನಿಗೂ ಮುಂಚೆ ನಡಿಗೆ ನೋಡಿ

ನಮ್ಮ ಹಾಸನದ ಕಡೆ ಈಗ ಒಂದು ಅಭ್ಯಾಸ ಬೆಳೆದಿದೆ. ಯಾರಿಗಾದ್ರೂ ನಡಿಗೆ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಸಾಕು, ಮನೆಯವರೇ ಮೊದ್ಲು ಸೊಂಟದ ಎಂಆರ್‌ಐ ಮಾಡಿಸ್ಕೊಂಡು ಆ ದೊಡ್ಡ ಕವರ್ ಹಿಡ್ಕೊಂಡು ಬರ್ತಾರೆ. ಬಂದೋರು ಕುರ್ಚೀಲಿ ಕೂತು ಕವರ್ ಟೇಬಲ್ ಮೇಲಿಟ್ಟು "ಡಿಸ್ಕ್ ಜರುಗಿದೆಯಂತೆ ಸಾರ್, ಆಪರೇಷನ್ ಆಗ್ಬೇಕಂತೆ" ಅಂತಾರೆ. ಆ ಮನುಷ್ಯ ಬಾಗಿಲಿಂದ ಕುರ್ಚಿವರೆಗೆ ಹೆಂಗೆ ನಡ್ಕೊಂಡು ಬಂದ ಅನ್ನೋದನ್ನ ಅಲ್ಲಿವರೆಗೂ ಯಾರೂ ನೆಟ್ಟಗೆ ನೋಡಿರಲ್ಲ. ನಲವತ್ತು ದಾಟಿದ, ಬೆನ್ನು ನೋವೇ ಇಲ್ಲದ ಜನರನ್ನ ಸ್ಕ್ಯಾನ್ ಮಾಡಿದ್ರೂ ಸುಮಾರು ಅರ್ಧ ಜನಕ್ಕೆ ಡಿಸ್ಕ್ ಬಲ್ಜ್, ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿರೋದು ಕಾಣುತ್ತೆ, ಹಂಗಾಗಿ ರಿಪೋರ್ಟಲ್ಲಿ ಬಲ್ಜ್ ಇದೆ ಅಂದಾಕ್ಷಣ ಕಾಲು ಎಳೆಯೋದಕ್ಕೆ ಅದೇ ಕಾರಣ ಅನ್ನೋಕಾಗಲ್ಲ.

ಕಾಲು ಎಳೆಯೋದು ಒಂದು ಕಾಯಿಲೆ ಅಲ್ಲ. ಸೊಂಟದ ಕೀಲು ಸವೆದೋರಿಗೂ ಜನ ಅದೇ ಮಾತು ಹೇಳ್ತಾರೆ, ಸ್ಟ್ರೋಕ್ ಆದೋರಿಗೂ ಅದೇ, ಮಂಡಿ ಪಕ್ಕದಲ್ಲಿ ನರ ಒತ್ತಿ ಪಾದ ಜೋತುಬಿದ್ದೋರಿಗೂ ಅದೇ. ಮೂರನ್ನೂ ಬಿಡಿಸೋಕೆ ಒಂದೇ ಒಂದು ಪ್ರಶ್ನೆ ಬೇಕು, ಒಂದು ಹೆಜ್ಜೆಯಲ್ಲಿ ತಪ್ಪು ಆಗ್ತಾ ಇರೋದು ಯಾವ ಗಳಿಗೇಲಿ?

ಅದಕ್ಕೆ ಗೇಟ್ ಸೈಕಲ್, ಅಂದ್ರೆ ನಡಿಗೆಯ ಸುತ್ತು ಸ್ವಲ್ಪ ಗೊತ್ತಿರ್ಬೇಕು, ಕಷ್ಟ ಏನಿಲ್ಲ. ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲಕ್ಕೆ ತಾಗೋವರೆಗೆ ಒಂದು ಸುತ್ತು. ದೊಡ್ಡೋರು ಮಾಮೂಲಿ ವೇಗದಲ್ಲಿ ನಡೆದ್ರೆ ಇದಕ್ಕೆ ಹೆಚ್ಚುಕಮ್ಮಿ ಒಂದು ಸೆಕೆಂಡು ಹಿಡಿಯುತ್ತೆ. ಆ ಸುತ್ತಿನ ನೂರರಲ್ಲಿ 60 ಭಾಗ ಪಾದ ನೆಲದ ಮೇಲಿರುತ್ತೆ, ಅದು ಸ್ಟಾನ್ಸ್. ಉಳಿದ 40 ಭಾಗ ಪಾದ ಗಾಳೀಲಿರುತ್ತೆ, ಅದು ಸ್ವಿಂಗ್. ಅಮೆರಿಕದ ರ‍್ಯಾಂಚೊ ಲಾಸ್ ಅಮಿಗೋಸ್ ಆಸ್ಪತ್ರೇಲಿ ಡಾಕ್ಟರ್ ಜಾಕ್ವೆಲಿನ್ ಪೆರಿ ಮತ್ತವರ ಜೊತೆಯವರು ಇದನ್ನ ಎಂಟು ಹಂತ ಮಾಡಿದ್ರು, ಫಿಸಿಯೋ ಓದೋ ಹುಡುಗರು ಪರೀಕ್ಷೆಗೆ ಬಾಯಿಪಾಠ ಮಾಡೋದು ಅದನ್ನೇ. ನಮಗಿಲ್ಲಿ ಎಂಟೂ ಬೇಡ, ನಾಲ್ಕು ಸಾಕು. ಹಿಮ್ಮಡಿ ತಾಗಿದ ಮೇಲೆ ಪಾದ ಪೂರ್ತಿ ಕೆಳಗೆ ಇಳಿಯೋ ಗಳಿಗೆ, ಅಂದ್ರೆ ಲೋಡಿಂಗ್. ಆಮೇಲೆ ಇನ್ನೊಂದು ಕಾಲು ಎತ್ತಿ ಇಡೀ ಮೈಭಾರ ಒಂದೇ ಕಾಲ ಮೇಲೆ ನಿಲ್ಲೋ ಗಳಿಗೆ, ಅದು ಮಿಡ್ ಸ್ಟಾನ್ಸ್. ಆಮೇಲೆ ಬೆರಳು ನೆಲ ಬಿಟ್ಟು ಕಾಲು ಏಳೋ ಗಳಿಗೆ, ಇನಿಶಿಯಲ್ ಸ್ವಿಂಗ್. ಕೊನೇದು ಆ ಕಾಲು ಇನ್ನೊಂದು ಕಾಲಿನ ಪಕ್ಕ ಹಾದು ಮುಂದೆ ಹೋಗೋ ಗಳಿಗೆ, ಮಿಡ್ ಸ್ವಿಂಗ್. ಮಿಡ್ ಸ್ವಿಂಗಲ್ಲಿ ಬೆರಳಿನ ತುದಿಗೂ ನೆಲಕ್ಕೂ ಇರೋ ಅಂತರ ಬರೀ ಒಂದೆರಡು ಸೆಂಟಿಮೀಟರ್. ಅಷ್ಟು ಕಮ್ಮಿ ಜಾಗದಲ್ಲಿ ದಿನಾ ಸಾವಿರಾರು ಸಲ ಪಾದ ತೂರಿಕೊಂಡು ಹೋಗ್ತಿರುತ್ತೆ, ಅದಕ್ಕೇ ಸ್ವಲ್ಪ ಬಲ ಕಮ್ಮಿ ಆದ್ರೂ ಎಡವೋದು.

ಈಗ ಒಬ್ಬರ ವಿಷಯ ಹೇಳ್ತೀನಿ. ಆಲೂರು ಕಡೆಯೋರು, ವಯಸ್ಸು ನಲವತ್ತೈದರ ಆಸುಪಾಸು. ಶುಂಠಿ ಕೀಳೋ ಟೈಮಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗ್ತಾರೆ, ಕಿತ್ತ ಶುಂಠಿಯ ಮಣ್ಣು ಉದುರಿಸಿ ಬೇರು ತೆಗೆದು ಮೂಟೆಗೆ ತುಂಬೋ ಕೆಲಸ, ಬೆಳಗಿಂದ ಸಂಜೆವರೆಗೆ ಕುಕ್ಕರಗಾಲಲ್ಲೇ ಕೂತಿರ್ಬೇಕು. ಅದೇ ವರ್ಷ ಶುಗರ್ ಇದೆ ಅಂತ ಗೊತ್ತಾಗಿತ್ತು, ಕೆಲವೇ ತಿಂಗಳಲ್ಲಿ ಏಳೆಂಟು ಕೇಜಿ ಇಳಿದುಹೋಗಿದ್ರು. ಒಂದಿನ ಸಂಜೆ ಎದ್ದು ಮನೆ ಕಡೆ ಹೊರಟಾಗ ಬಲಗಾಲಿನ ಹವಾಯಿ ಚಪ್ಪಲಿ ಪದೇಪದೇ ಕಳಚ್ಕೋತಿತ್ತಂತೆ, ಇವರು ಚಪ್ಪಲಿ ಉಂಗುಷ್ಟ ಸಡಿಲ ಆಗಿದೆ ಅಂದ್ಕೊಂಡು ಹೊಸಾದು ತಗೊಂಡ್ರು. ಹೊಸ ಚಪ್ಪಲೀನೂ ಕಳಚಿತು. ಹೆಂಡತಿ ಗಮನಿಸಿದ್ದು ಬೇರೆ, ಒಳಗೆ ಅಡುಗೆಮನೇಲಿ ಇದ್ರೂ ಇವರು ಹಜಾರದಲ್ಲಿ ನಡೆಯೋ ಸದ್ದು ಕೇಳುತ್ತೆ, ಒಂದು ಕಾಲು ಮಾತ್ರ ಟಪ್ ಟಪ್ ಅಂತ ಬಡಿಯುತ್ತೆ ಅಂತ. ನಾನು ಕೇಳಿದ ಎಲ್ಲಾ ಮಾಹಿತೀಲೂ ಇದೇ ಹೆಚ್ಚು ಉಪಯೋಗಕ್ಕೆ ಬಂದಿದ್ದು.

ಯಾಕಂದ್ರೆ ಆ ಟಪ್ ಅನ್ನೋ ಸದ್ದು ಬರೋದು ಲೋಡಿಂಗ್ ಗಳಿಗೇಲಿ. ಹಿಮ್ಮಡಿ ತಾಗಿದ ಮೇಲೆ ಪಾದದ ಮುಂಭಾಗ ತಾನಾಗೇ ದೊಪ್ಪಂತ ಬೀಳ್ಬೇಕು, ಆದ್ರೆ ಮಂಡಿ ಕೆಳಗೆ ಕಾಲಿನ ಮುಂಭಾಗದಲ್ಲಿ, ಕಣಕಾಲ ಮೂಳೆ ಪಕ್ಕದಲ್ಲಿರೋ ಟಿಬಿಯಾಲಿಸ್ ಆಂಟೀರಿಯರ್ ಅನ್ನೋ ಮಾಂಸಖಂಡ ಅದನ್ನ ಹಿಡ್ಕೊಂಡು ನಿಧಾನಕ್ಕೆ ಇಳಿಸುತ್ತೆ. ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯೋ ಕೆಲಸ ಇದು. ಆ ಮಾಂಸಖಂಡದ ಬಲ ಸ್ವಲ್ಪ ಕಮ್ಮಿ ಆದ್ರೆ ಮೊದ್ಲು ಕೆಡೋದು ಇದೇ, ಪಾದ ಗಾಳೀಲಿ ಎತ್ತೋಕೆ ಆಗುತ್ತೆ ಆದ್ರೆ ಮೈಭಾರದ ಎದುರು ತಡೆದು ಇಳಿಸೋಕೆ ಆಗಲ್ಲ, ಅದಕ್ಕೆ ಬಡಿಯುತ್ತೆ. ಬಲ ಇನ್ನೂ ಕಮ್ಮಿ ಆದ್ರೆ ಮಿಡ್ ಸ್ವಿಂಗಲ್ಲೂ ಪಾದ ಜೋತುಬೀಳುತ್ತೆ, ಆಗ ಬೆರಳು ನೆಲಕ್ಕೆ ಉಜ್ಜದೇ ಇರ್ಲಿ ಅಂತ ಆ ಮನುಷ್ಯ ಸೊಂಟ, ಮಂಡಿ ಎರಡನ್ನೂ ಜಾಸ್ತಿ ಮಡಚಿ ಕಾಲು ಎತ್ತೆತ್ತಿ ಇಡ್ತಾನೆ, ಮೆಟ್ಟಿಲು ಹತ್ತೋ ಥರ. ಇದಕ್ಕೆ ಸ್ಟೆಪ್ಪೇಜ್ ಗೇಟ್ ಅಂತಾರೆ. ಆ ಹಂತದಲ್ಲಿ ಸದ್ದು ಬದಲಾಗುತ್ತೆ, ಹಿಮ್ಮಡಿ ಬದಲು ಬೆರಳೇ ಮೊದ್ಲು ನೆಲ ಮುಟ್ಟುತ್ತೆ.

ನಮ್ಮವರು ಬಂದಾಗ ಎರಡೂ ಇತ್ತು. ಪಂಚೆ ಎತ್ತಿಕಟ್ಟಿಸಿ ಕಾರಿಡಾರಲ್ಲಿ ನಡೆಸಿದ್ವಿ, ಮಗನ ಫೋನಲ್ಲಿ ಪಕ್ಕದಿಂದ ಒಂದ್ಸಲ, ಹಿಂದಿನಿಂದ ಒಂದ್ಸಲ ಸ್ಲೋ ಮೋಷನ್ ವಿಡಿಯೋ ತೆಗೆಸಿದ್ವಿ. ಮನೇಲೇ ತೆಗೆಯೋರು ಇಷ್ಟು ಗಮನದಲ್ಲಿಡಿ, ಫೋನ್ ಸೊಂಟದ ಎತ್ತರದಲ್ಲಿ ಹಿಡೀರಿ, ಮಂಡಿಯಿಂದ ಪಾದದವರೆಗೆ ಬಟ್ಟೆ ಅಡ್ಡ ಇರಬಾರದು, ಬರಿಗಾಲಲ್ಲಿ ಒಂದು ಎಂಟ್ಹತ್ತು ಮೀಟರ್ ನಡೀಲಿ, ಮತ್ತೆ ಕ್ಯಾಮೆರಾ ಇದೆ ಅಂತ ಸೆಟ್ ಮಾಡ್ಕೊಂಡು ನಡೆಯೋ ಮೊದಲ ನಾಲ್ಕು ಹೆಜ್ಜೆ ಲೆಕ್ಕಕ್ಕಿಲ್ಲ.

ಸರಿ, ಪಾದ ಜೋತುಬಿದ್ದಿದೆ, ಫುಟ್ ಡ್ರಾಪ್. ಆದ್ರೆ ಇವರ ಎಂಆರ್‌ಐ ಕವರಲ್ಲಿ ಎಲ್4-ಎಲ್5 ಬಲ್ಜ್, ಅಂದ್ರೆ ಸೊಂಟದ ಭಾಗದ ನಾಲ್ಕನೇ ಐದನೇ ಬೆನ್ನುಮೂಳೆ ಮಧ್ಯೆ ಉಬ್ಬಿದೆ ಅಂತ ಬರೆದಿತ್ತು, ಎಲ್5 ನರ ಸೊಂಟದಲ್ಲಿ ಒತ್ತಿದ್ರೂ ಫುಟ್ ಡ್ರಾಪ್ ಬರುತ್ತೆ. ಹಂಗಾದ್ರೆ ತಪ್ಪು ಸೊಂಟದಲ್ಲೋ ಮಂಡಿ ಪಕ್ಕದಲ್ಲೋ? ಮಂಡಿ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ ಕೈಗೆ ಒಂದು ಗುಂಡು ಮೂಳೆ ಸಿಗುತ್ತೆ, ಅದು ಫಿಬುಲಾ ಮೂಳೆಯ ತಲೆ. ಅದರ ಕೆಳಗೆ ಕತ್ತಿನ ಸುತ್ತ ಕಾಮನ್ ಪೆರೋನಿಯಲ್ ನರ ಸುತ್ಕೊಂಡು ಹೋಗುತ್ತೆ, ಅಲ್ಲಿ ಚರ್ಮಕ್ಕೂ ಮೂಳೆಗೂ ಮಧ್ಯೆ ಅದಕ್ಕೆ ರಕ್ಷಣೆ ಅಂತ ಏನೂ ಇಲ್ಲ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತ್ರೆ ನರ ಅಲ್ಲೇ ಅದುಮುತ್ತೆ. ಬೇಗ ತೂಕ ಇಳಿದೋರಿಗೆ ಅಲ್ಲಿದ್ದ ಸ್ವಲ್ಪ ಕೊಬ್ಬೂ ಹೋಗಿರುತ್ತೆ, ಶುಗರ್ ಇದ್ರೆ ನರ ಮೊದಲೇ ಸೂಕ್ಷ್ಮ ಆಗಿರುತ್ತೆ. ಮೂಳೆ ಮುರಿದಾಗ ಪ್ಲಾಸ್ಟರ್ ಆಗ್ಲಿ ನಾಟಿ ಕಟ್ಟಾಗ್ಲಿ ಆ ಜಾಗದಲ್ಲಿ ಬಿಗಿಯಾದ್ರೂ ಇದೇ ಗತಿ, ಕಾಲ ಮೇಲೆ ಕಾಲು ಹಾಕಿ ಕೂರೋ ಚಾಳಿಯಿಂದಲೂ ಬಂದಿರೋದುಂಟು.

ಎರಡನ್ನೂ ಬೇರೆ ಮಾಡೋಕೆ ಮಷೀನ್ ಬೇಡ, ಕೈ ಸಾಕು. ಪಾದ ಮೇಲೆತ್ತೋದು, ಹೆಬ್ಬೆರಳು ಮೇಲೆತ್ತೋದು ಎರಡರಲ್ಲೂ ಸೋತಿರುತ್ತೆ, ಅದನ್ನ ನೋಡಿ ಪ್ರಯೋಜನ ಇಲ್ಲ. ನೋಡ್ಬೇಕಾದ್ದು ಪಾದವನ್ನ ಒಳಮುಖಕ್ಕೆ ತಿರುಗಿಸೋ ಬಲ, ಮತ್ತೆ ಮಗ್ಗುಲಿಗೆ ಮಲಗಿಸಿ ಇಡೀ ಕಾಲನ್ನ ಮೇಲಕ್ಕೆ ಎತ್ತೋ ಬಲ. ಪಾದ ಒಳಕ್ಕೆ ತಿರುಗಿಸೋ ಟಿಬಿಯಾಲಿಸ್ ಪೋಸ್ಟೀರಿಯರ್‌ಗೂ, ಕಾಲು ಪಕ್ಕಕ್ಕೆ ಎತ್ತೋ ಗ್ಲೂಟಿಯಸ್ ಮೀಡಿಯಸ್‌ಗೂ ಎಲ್5 ಬೇರಿನಿಂದ ನರ ಹೋಗುತ್ತೆ, ಆದ್ರೆ ಇವೆರಡೂ ಪೆರೋನಿಯಲ್ ನರದ ದಾರೀಲಿ ಬರಲ್ಲ. ಹಂಗಾಗಿ ಸೊಂಟದಲ್ಲಿ ಎಲ್5 ಹೋಗಿದ್ರೆ ಇವೂ ಸೋತಿರ್ಬೇಕು, ಮಂಡಿ ಪಕ್ಕದಲ್ಲಿ ಮಾತ್ರ ಏಟಾಗಿದ್ರೆ ಇವೆರಡೂ ಗಟ್ಟಿ ಇರ್ಬೇಕು. ಇಲ್ಲೊಂದು ಕಡೆ ಹೊಸಬರು ಜಾರ್ತಾರೆ. ಜೋತುಬಿದ್ದ ಪಾದವನ್ನ ಹಂಗೇ ಬಿಟ್ಟು ಒಳಕ್ಕೆ ತಿರುಗಿಸು ಅಂದ್ರೆ ಯಾರಿಗಾದ್ರೂ ಬಲ ಕಮ್ಮೀನೇ ಬರುತ್ತೆ, ಅದನ್ನ ನೋಡಿ ಎಲ್5 ಅಂತ ಬರೆದುಬಿಡ್ತಾರೆ. ಪಾದವನ್ನ ನಮ್ಮ ಕೈಯಿಂದ ನೇರಕ್ಕೆ ತಂದು ಹಿಡ್ಕೊಂಡು ಆಮೇಲೆ ಪರೀಕ್ಷೆ ಮಾಡ್ಬೇಕು.

ಇವರಿಗೆ ಹಂಗೆ ಹಿಡಿದು ನೋಡಿದ್ರೆ ಒಳಕ್ಕೆ ತಿರುಗಿಸೋ ಬಲ ಪೂರ್ತಿ ಇತ್ತು. ಮಗ್ಗುಲಿಗೆ ಮಲಗಿ ಕಾಲೆತ್ತೋದೂ ಪೂರ್ತಿ. ಪಾದ ಹೊರಕ್ಕೆ ತಿರುಗಿಸೋಕೆ ಆಗ್ತಿರಲಿಲ್ಲ, ಪಾದದ ಮೇಲ್ಭಾಗದಲ್ಲಿ ಮತ್ತೆ ಹೆಬ್ಬೆರಳು ಪಕ್ಕದ ಬೆರಳಿನ ಸಂದೀಲಿ ಸ್ಪರ್ಶ ಮಂಕು. ಮಂಡಿ ಪಕ್ಕದ ಆ ಗುಂಡು ಮೂಳೆ ಕೆಳಗೆ ಬೆರಳಲ್ಲಿ ಮೆಲ್ಲಗೆ ತಟ್ಟಿದ್ರೆ ಪಾದದವರೆಗೆ ಕರೆಂಟ್ ಹೊಡೆದಂಗೆ ಜುಂ ಅಂತಿತ್ತು. ಬೆನ್ನಿಂದ ಕಾಲಿಗೆ ಇಳಿಯೋ ನೋವು ಇವರಿಗೆ ಯಾವತ್ತೂ ಇರಲಿಲ್ಲ. ಅಂದ್ರೆ ಬಲ್ಜ್ ಅಲ್ಲಿದೆ ನಿಜ, ಕಾಲು ಎಳೆಯೋಕೆ ಅದು ಕಾರಣ ಅಲ್ಲ. ಆಮೇಲೆ ನರ್ವ್ ಕಂಡಕ್ಷನ್ ಟೆಸ್ಟಲ್ಲೂ ಅದೇ ಬಂತು, ಗುಂಡು ಮೂಳೆಗಿಂತ ಕೆಳಗೆ ಕರೆಂಟ್ ಕೊಟ್ರೆ ಮಾಂಸಖಂಡ ಚೆನ್ನಾಗಿ ಕುಣಿಯುತ್ತೆ, ಮೇಲೆ ಕೊಟ್ರೆ ಸಿಗ್ನಲ್ ಮಧ್ಯದಲ್ಲೇ ನಿಂತುಹೋಗುತ್ತೆ. ಸೂಜಿ ಚುಚ್ಚಿ ನೋಡೋ ಇಎಂಜಿ ಮಾತ್ರ ತೊಂದರೆ ಶುರುವಾಗಿ ಮೂರು ವಾರ ಆದ್ಮೇಲೆ ಮಾಡಿಸಿದ್ರೇ ಅರ್ಥ, ಅದಕ್ಕೂ ಮುಂಚೆ ಮಾಡಿಸಿದ್ರೆ ನರ ಒಳಗೆ ಸತ್ತಿದ್ರೂ ಪೂರ್ತಿ ಕಾಣಲ್ಲ.

ಇವರ ಕಥೆ ಸ್ವಲ್ಪ ನಿಲ್ಸಿ ಇನ್ನೆರಡು ನಡಿಗೆ ನೋಡೋಣ, ಯಾಕಂದ್ರೆ ದೂರದಿಂದ ನೋಡಿದ್ರೆ ಮೂರೂ ಒಂದೇ ಥರ ಕಾಣುತ್ತೆ.

ಸ್ಟ್ರೋಕ್ ಆದೋರದ್ದೂ ಪಾದ ಜೋತುಬಿದ್ದಿರುತ್ತೆ, ಆದ್ರೆ ಅವರು ಕಾಲು ಎತ್ತೆತ್ತಿ ಇಡಲ್ಲ, ಹೊರಗಿನಿಂದ ಅರ್ಧಚಂದ್ರ ಸುತ್ತಿಸಿ ತಂದು ಇಡ್ತಾರೆ. ಯಾಕೆ ಹಿಂಗೆ? ತಪ್ಪು ಮಿಡ್ ಸ್ವಿಂಗಿಗೂ ಮುಂಚೆ, ಇನಿಶಿಯಲ್ ಸ್ವಿಂಗಲ್ಲೇ ಶುರುವಾಗಿರುತ್ತೆ. ಆ ಗಳಿಗೇಲಿ ಆರೋಗ್ಯವಂತರ ಮಂಡಿ ಸುಮಾರು 60 ಡಿಗ್ರಿ ಮಡಚುತ್ತೆ, ಕಾಲು ಗಿಡ್ಡ ಆಗಿ ನೆಲಕ್ಕೆ ತಾಗದೇ ಹೋಗುತ್ತೆ. ಸ್ಟ್ರೋಕಲ್ಲಿ ಕಾಲಿನ ಮಾಂಸಖಂಡ ಬಿಗಿದು ಕೋಲಿನಂಗೆ ನೆಟ್ಟಗಾಗಿರುತ್ತೆ, ಮಂಡಿ ಮಡಚಲ್ಲ. ಮಂಡಿ ಮಡಚೋಕೇ ಆಗದಿದ್ದೋರು ಎತ್ತಿ ಇಡೋದು ಹೆಂಗೆ? ಉದ್ದ ಆಗಿರೋ ಕಾಲನ್ನ ಮುಂದೆ ತರೋಕೆ ಇರೋ ದಾರಿ ಪಕ್ಕದಿಂದ ಸುತ್ತಿಸೋದೊಂದೇ. ಜೊತೆಗೆ ಅದೇ ಕಡೆ ಕೈ ಮೊಣಕೈಯಲ್ಲಿ ಮಡಚಿ ಎದೆ ಹತ್ರ ಅಂಟ್ಕೊಂಡಿರುತ್ತೆ, ನಡೆಯುವಾಗ ಬೀಸಲ್ಲ. ಪಾದವನ್ನ ಝಟ್ಟಂತ ಮೇಲಕ್ಕೆ ತಳ್ಳಿ ಹಿಡಿದ್ರೆ ತಾನಾಗೇ ಕಂಪಿಸುತ್ತೆ, ಅಂಗಾಲು ಕೆರೆದ್ರೆ ಹೆಬ್ಬೆರಳು ಮೇಲಕ್ಕೆ ಹೋಗುತ್ತೆ. ಮಂಡಿ ಪಕ್ಕದ ನರದ ತೊಂದರೇಲಿ ಇವೆರಡೂ ಬರಲ್ಲ. ಕಾಲು ಎಳೆಯೋದು ಈಗಷ್ಟೇ ಶುರುವಾಗಿ, ಜೊತೆಗೆ ಬಾಯಿ ಸೊಟ್ಟ ಆಗಿದ್ರೆ, ಮಾತು ತೊದಲ್ತಿದ್ರೆ, ಕೈಯೂ ಸೋತಿದ್ರೆ ನಡಿಗೆ ನೋಡ್ಕೊಂಡು ಕೂರೋ ಹೊತ್ತಲ್ಲ, ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟಾಗಿರ್ಬೇಕು, ಅದಕ್ಕೆ ಕೂಡ್ಲೇ ದೊಡ್ಡ ಆಸ್ಪತ್ರೆ ಸೇರ್ಬೇಕು. ಬೆನ್ನು ನೋವಿನ ಜೊತೆ ಮೂತ್ರ ಕಟ್ಕೊಂಡು, ಕೂರೋ ಜಾಗ ಜೋಮು ಹಿಡಿದಿದ್ರೂ ಅಷ್ಟೇ ಅರ್ಜೆಂಟು, ಅಲ್ಲಿ ಮಾತ್ರ ಎಂಆರ್‌ಐ ಅದೇ ದಿನ ಆಗ್ಲೇಬೇಕು.

ಮೂರನೇದು ಸೊಂಟದ ಕೀಲಿನದ್ದು. ಇಲ್ಲಿ ಗಾಳೀಲಿರೋ ಕಾಲಿಗೆ ಏನೂ ಆಗಿರಲ್ಲ, ಕೆಡೋದು ಮಿಡ್ ಸ್ಟಾನ್ಸಲ್ಲಿ, ಅಂದ್ರೆ ಕೆಟ್ಟ ಕಾಲು ನೆಲದ ಮೇಲೆ ಒಂಟಿಯಾಗಿ ನಿಂತಾಗ. ಸಂತೇಲಿ ಕೈಯಲ್ಲಿ ಹಿಡಿಯೋ ತಕ್ಕಡಿ ನೆನೆಸ್ಕೊಳ್ಳಿ, ಆದ್ರೆ ಹಿಡಿ ನಡುಮಧ್ಯೆ ಇಲ್ಲ, ಒಂದು ಪಕ್ಕಕ್ಕಿದೆ. ಸೊಂಟದ ಕೀಲು ಆ ಹಿಡಿ. ಉದ್ದ ಕಡ್ಡಿಯ ಕಡೆ ಮೈಭಾರ, ಗಿಡ್ಡ ಕಡ್ಡಿಯ ಕಡೆ ಗ್ಲೂಟಿಯಸ್ ಮೀಡಿಯಸ್. ಗಿಡ್ಡ ಕಡೆಯಿಂದ ಎಳೆದು ಸಮ ಮಾಡ್ಬೇಕಂದ್ರೆ ಆ ಮಾಂಸಖಂಡ ಮೈಭಾರದ ಸುಮಾರು ಎರಡು ಪಟ್ಟು ಎಳೀಬೇಕು, ಎರಡೂ ಸೇರಿ ಕೀಲಿನ ಮೇಲೆ ಹೆಚ್ಚುಕಮ್ಮಿ ಮೂರು ಪಟ್ಟು ಭಾರ ಬೀಳುತ್ತೆ. ಮಾಂಸಖಂಡ ಸೋತಿದ್ರೆ ಎದುರುಗಡೆ ಸೊಂಟ ಕೆಳಕ್ಕೆ ವಾಲುತ್ತೆ, ಅದು ಟ್ರೆಂಡಲೆನ್‌ಬರ್ಗ್ ನಡಿಗೆ. ಕೀಲು ಸವೆದು ನೋಯ್ತಿದ್ರೆ ಮನುಷ್ಯ ಜಾಣ, ಮೈಯನ್ನೇ ಕೆಟ್ಟ ಕಾಲಿನ ಕಡೆ ವಾಲಿಸಿ ಆ ಉದ್ದ ಕಡ್ಡೀನ ಗಿಡ್ಡ ಮಾಡ್ಕೋತಾನೆ. ಕೋಲನ್ನ ಕೆಟ್ಟ ಸೊಂಟದ ಎದುರು ಕೈಯಲ್ಲಿ ಹಿಡೀಬೇಕು ಅನ್ನೋದೂ ಇದೇ ಲೆಕ್ಕದಿಂದ, ನೋವಿರೋ ಕಡೇನೇ ಕೋಲೂರಿ ನಡೆಯೋ ಅಜ್ಜಂದಿರನ್ನ ನಮ್ಮೂರಲ್ಲಿ ದಿನಾ ನೋಡ್ತೀನಿ. ಎರಡೂ ಸೊಂಟ ಕೆಟ್ರೆ ಬಾತುಕೋಳಿ ನಡಿಗೆ. ಮಲೆನಾಡಿನೋರಿಗೆ ಇದಕ್ಕೆ ಹೊರಗಿನ ಉದಾಹರಣೆ ಬೇಕಿಲ್ಲ, 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಲ್ಲಿ ಗೊತ್ತಾಗಿ ಆ ಊರಿನ ಹೆಸರನ್ನೇ ಪಡೆದ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳೀಲೂ ಇದೆ, ವಂಶದಲ್ಲಿ ಬರೋದು, ಮುಖ್ಯವಾಗಿ ಸೊಂಟದ ಕೀಲನ್ನ ತಿನ್ನುತ್ತೆ.

ಪಾರ್ಕಿನ್ಸನ್ಸ್ ನಡಿಗೆ, ಕಿರುಮೆದುಳಿನ ತೊಂದರೆಯ ಅಗಲಗಾಲು ನಡಿಗೆ, ಬಿ12 ಕಮ್ಮಿಯಾಗಿ ಕತ್ತಲಲ್ಲಿ ತಡವರಿಸೋದು, ಇವೆಲ್ಲಾ ಬೇರೆ ಜಾತಿ, ಸಾಮಾನ್ಯವಾಗಿ ಎರಡೂ ಕಾಲಿಗೆ ಬರೋವು, ಒಂದು ಕಾಲು ಎಳೀತಿದೆ ಅನ್ನೋ ದೂರಿನ ಜೊತೆ ಅಷ್ಟಾಗಿ ಬೆರೆಯಲ್ಲ. ಪಾರ್ಕಿನ್ಸನ್ಸ್ ಮಾತ್ರ ಒಂದು ಕಡೆಯಿಂದ ಶುರುವಾಗೋದ್ರಿಂದ ಒಂದು ಕೈ ಬೀಸೋದು ಕಮ್ಮಿ ಆಗಿದ್ರೆ ಅದನ್ನೂ ಮನಸ್ಸಲ್ಲಿಡ್ಬೇಕು.

ಮತ್ತೆ ನಮ್ಮ ಶುಂಠಿಯವರ ಹತ್ರ ಬರೋಣ. ಮೊದಲ ಕೆಲಸ ಕುಕ್ಕರಗಾಲು ಬಂದ್. ಕೆಲಸ ಬಿಡೋಕಾಗಲ್ಲ ಅಂದ್ರು, ಸರಿ, ಒಂದು ಗಿಡ್ಡ ಮಣೆ ಇಟ್ಕೊಂಡು ಕಾಲು ಚಾಚಿ ಕೂತು ಮಾಡಿ, ಅರ್ಧ ಗಂಟೆಗೊಮ್ಮೆ ಎದ್ದು ನಡೀರಿ ಅಂದ್ವಿ. ಎರಡನೇದು ಪಾದ ಎತ್ತಿ ಹಿಡಿಯೋ ಪ್ಲಾಸ್ಟಿಕ್ ಸ್ಪ್ಲಿಂಟ್, ಎಎಫ್‌ಒ ಅಂತಾರೆ. ಇದರ ಕಷ್ಟ ಏನಂದ್ರೆ ಇದು ಶೂ ಒಳಗೆ ಹಾಕೋದು, ಚಪ್ಪಲಿ ಹಾಕೋ ಮನುಷ್ಯನಿಗೆ ಕೆಸರು ಗದ್ದೇಲಿ ಇದು ಕೆಲಸಕ್ಕೆ ಬರಲ್ಲ, ಜಾರಿ ಬೀಳಿಸುತ್ತೆ. ಹಂಗಾಗಿ ಹೊರಗೆ ಹೋಗೋವಾಗ ಇದು, ಕೆಲಸದ ಹೊತ್ತಲ್ಲಿ ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಜೊತೆ ಪಾದ ಮೇಲಕ್ಕೆಳೆಯೋ ಎಲಾಸ್ಟಿಕ್ ಪಟ್ಟಿ. ಸ್ಪರ್ಶ ಮಂಕಾಗಿದೆ, ಜೊತೆಗೆ ಶುಗರ್ ಬೇರೆ, ಅದಕ್ಕೆ ದಿನಾ ರಾತ್ರಿ ಸ್ಪ್ಲಿಂಟ್ ಒತ್ತೋ ಜಾಗದಲ್ಲಿ ಕೆಂಪಾಗಿದೆಯಾ ಅಂತ ಮನೆಯವರು ನೋಡೋದು. ಮೂರನೇದನ್ನ ಜನ ಮರೀತಾರೆ, ಮೀನಖಂಡ ಎಳೆಯೋ ವ್ಯಾಯಾಮ. ಪಾದ ತಿಂಗಳುಗಟ್ಟಲೆ ಜೋತುಬಿದ್ರೆ ಹಿಮ್ಮಡಿ ಮೇಲಿನ ದಪ್ಪ ನರ ಅಂತ ಜನ ಕರೆಯೋ ಆ ಟೆಂಡನ್ ಗಿಡ್ಡ ಆಗುತ್ತೆ, ಆಮೇಲೆ ನಿಜವಾದ ನರ ವಾಪಸ್ ಬಂದ್ರೂ ಪಾದ ಮೇಲೇಳಲ್ಲ.

ನರದ ಮೇಲ್ಪದರ ಮಾತ್ರ ಅದುಮಿದ್ರೆ ಕೆಲವು ವಾರದಿಂದ ಮೂರು ತಿಂಗಳೊಳಗೆ ವಾಪಸ್ ಬರುತ್ತೆ, ಒಳಗಿನ ಎಳೆಯೇ ಕಡಿದಿದ್ರೆ ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಬೆಳೆದು ಬರ್ಬೇಕು. ಇವರದ್ದು ಮೊದಲ ಜಾತಿ. ಮೊದ್ಲು ಗಾಳೀಲಿ ಪಾದ ಎತ್ತೋಕೆ ಬಂತು, ಚಪ್ಪಲಿ ಕಳಚೋದು ನಿಂತಿತು, ಆ ಟಪ್ ಸದ್ದು ಮಾತ್ರ ಕೊನೇವರೆಗೂ ಉಳ್ಕೊಂಡಿತ್ತು, ಮೈಭಾರ ತಡೆಯೋಕೆ ಜಾಸ್ತಿ ಬಲ ಬೇಕಲ್ವಾ, ಅದಕ್ಕೆ.

ಎಲ್ಲರಿಗೂ ಹಿಂಗೇ ಆಗಲ್ಲ. ಅದೇ ಗುಂಡು ಮೂಳೆ ಹತ್ರ ನರ ಹಗ್ಗದಂಗೆ ದಪ್ಪ ಸಿಕ್ಕಿ, ಮೈಮೇಲೆ ಎಲ್ಲಾದ್ರೂ ಸ್ಪರ್ಶ ಗೊತ್ತಾಗದ ಮಚ್ಚೆ ಇದ್ರೆ ಅದು ಕುಷ್ಠ ಇರಬಹುದು, ಸರ್ಕಾರಿ ಆಸ್ಪತ್ರೇಲಿ ಮಾತ್ರೆ ಪುಕ್ಕಟೆ, ಬೇಗ ಶುರು ಮಾಡಿದಷ್ಟೂ ನರ ಉಳಿಯುತ್ತೆ. ವರ್ಷದ ಮೇಲಾದ್ರೂ ಪಾದ ಏಳಲೇ ಇಲ್ಲ ಅಂದ್ರೆ ಟಿಬಿಯಾಲಿಸ್ ಪೋಸ್ಟೀರಿಯರ್ ಟೆಂಡನ್ನನ್ನ ಒಳಗಡೆಯಿಂದ ಬಿಡಿಸಿ ಪಾದದ ಮೇಲ್ಭಾಗಕ್ಕೆ ಜೋಡಿಸೋ ಆಪರೇಷನ್ ಇದೆ. ಪೆರೋನಿಯಲ್ ನರ ಹೋದೋರಲ್ಲಿ ಆ ಮಾಂಸಖಂಡ ಗಟ್ಟಿ ಇರುತ್ತೆ, ಅದಕ್ಕೇ ಇದು ಸಾಧ್ಯ. ಎಲ್5 ಹೋದೋರಲ್ಲಿ ಅದೂ ಸೋತಿರುತ್ತಲ್ಲ, ಹಂಗಾಗಿ ಮೊದಲ ದಿನ ಪಾದ ಹಿಡಿದು ಮಾಡಿದ ಆ ಪರೀಕ್ಷೆ ಇಲ್ಲೂ ಲೆಕ್ಕಕ್ಕೆ ಬರುತ್ತೆ. ಆಪರೇಷನ್ ಆದ್ಮೇಲೆ ಪ್ಲಾಸ್ಟರ್ ಬಿಚ್ಚಿ ನಮ್ಮ ಹತ್ರ ಬಂದಾಗ ನಿಜವಾದ ಪಾಠ ಶುರು, ಯಾಕಂದ್ರೆ ಈ ಮಾಂಸಖಂಡ ಹುಟ್ಟಿದಾಗಿಂದ ಪಾದ ನೆಲದ ಮೇಲಿದ್ದಾಗ ಕೆಲಸ ಮಾಡಿ ಅಭ್ಯಾಸ, ಈಗ ಪಾದ ಗಾಳೀಲಿದ್ದಾಗ ಎಳೀಬೇಕು ಅಂತ ಅದಕ್ಕೆ ಕಲಿಸ್ಬೇಕು. ಮೊದ್ಲು ಕೂತ್ಕೊಂಡು ಪಾದ ಒಳಕ್ಕೆ ತಿರುಗಿಸು ಅಂತೀವಿ, ಅದು ಮೇಲಕ್ಕೇಳುತ್ತೆ, ಪೇಷಂಟ್ ಅದನ್ನ ನೋಡಿ ಬೆಪ್ಪಾಗ್ತಾರೆ. ಕೂತು ಬಂದ್ಮೇಲೆ ನಿಂತು, ನಿಂತು ಬಂದ್ಮೇಲೆ ಎರಡು ಕಂಬಿ ಮಧ್ಯೆ ಒಂದೊಂದೇ ಹೆಜ್ಜೆ, ಬೆರಳು ನೆಲ ಬಿಟ್ಟ ಕೂಡ್ಲೇ ಎಳೆ, ಹಿಮ್ಮಡಿ ತಾಗಿದ ಮೇಲೆ ಬಿಡು ಅಂತ.